ಸಂಬಳ ಕಡಿಮೆ, ಕಲಿಕೆ ಜಾಸ್ತಿ: ಮೊದಲ ಎಂಜಿನಿಯರ್‌ಗಳನ್ನು ಕರೆಯುವ ಜಾಹೀರಾತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮಂಡ್ಯದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಹಳ್ಳಿಗಳಲ್ಲಿ ಹಾಲು ಕೊಳ್ಳುವ ಕೇಂದ್ರಗಳಿಗೆ ಲೆಕ್ಕದ ಆ್ಯಪ್ ಮಾಡುತ್ತೇವೆ. ಮೊದಲ ಇಬ್ಬರು ಎಂಜಿನಿಯರ್‌ಗಳಿಗಾಗಿ ನಾನು ಜಾಹೀರಾತನ್ನು ಮೂರು ಸಲ ಬರೆಯಬೇಕಾಯಿತು. ಮೊದಲ ಎರಡಕ್ಕೆ ಅರ್ಜಿ ಬಂದವು, ಆದರೆ ಜನ ಸಿಗಲಿಲ್ಲ. ಮೂರನೆಯದನ್ನು ಓದಿ ಬಂದ ಇಬ್ಬರೂ ಈಗ ನಮ್ಮ ಜತೆ ಇದ್ದಾರೆ. ಮೈಸೂರು, ಮಂಡ್ಯದಲ್ಲಿ ಸ್ಟಾರ್ಟಪ್ ಶುರು ಮಾಡಿದ ಗೆಳೆಯರು ಇದೇ ವಿಷಯಕ್ಕೆ ಫೋನ್ ಮಾಡುತ್ತಿರುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ತಲೆಬರಹ ಮತ್ತು ಮೊದಲ ಪ್ಯಾರಾ, ಇವೆರಡರ ಮಾತು ಮಾತ್ರ. ಓದುವವರು ಮುಂದಕ್ಕೆ ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಅಲ್ಲೇ.

"ಕಲಿಯಲು ಒಳ್ಳೆಯ ಅವಕಾಶ" ಅಂತ ಹಾಕಿದರೆ ಸಾಕಲ್ವಾ?

ಸಾಲದು. ನನ್ನ ಮೊದಲ ಜಾಹೀರಾತಿನ ತಲೆಬರಹ ಹೀಗಿತ್ತು: "ಉತ್ಸಾಹಿ ಡೆವಲಪರ್‌ಗಳು ಬೇಕಾಗಿದ್ದಾರೆ. ಕಲಿಯಲು, ಬೆಳೆಯಲು ಅಪಾರ ಅವಕಾಶ." ಇದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕೆಲಸ ಹುಡುಕುವವರು ಇದೇ ಸಾಲನ್ನು ದಿನಕ್ಕೆ ಹತ್ತು ಕಡೆ ನೋಡುತ್ತಾರೆ. ಅವರಿಗೆ ಅದರ ಅರ್ಥ ಒಂದೇ: ಇಲ್ಲಿ ಸಂಬಳ ಕಡಿಮೆ, ಎಷ್ಟು ಅಂತಲೂ ಹೇಳುವುದಿಲ್ಲ.

ಆಮೇಲೆ ಸಂದರ್ಶನಕ್ಕೆ ಬಂದ ಒಬ್ಬ ಹುಡುಗಿ ನೇರವಾಗಿ ಕೇಳಿದಳು: "ಸರ್, ಇಲ್ಲಿ ಏನು ಕಲಿಯುತ್ತೇನೆ? ಯಾರ ಹತ್ತಿರ ಕಲಿಯುತ್ತೇನೆ?" ಎರಡಕ್ಕೂ ನನ್ನ ಹತ್ತಿರ ಉತ್ತರ ಇತ್ತು. ಜಾಹೀರಾತಿನಲ್ಲಿ ಮಾತ್ರ ಇರಲಿಲ್ಲ. ಅವಳು ಬೇರೆ ಕಡೆ ಸೇರಿದಳು. ಆದರೆ ಜಾಹೀರಾತನ್ನು ಹೇಗೆ ಬರೆಯಬೇಕು ಅಂತ ನನಗೆ ಗೊತ್ತಾಗಿದ್ದು ಆ ಎರಡು ಪ್ರಶ್ನೆಗಳಿಂದ.

ಹಾಗಾದರೆ ಕಲಿಕೆ ಅಂತ ಏನನ್ನು ಬರೆಯಬೇಕು?

ನಿಮ್ಮ ಕಂಪನಿಯಲ್ಲಿ ಇವತ್ತು ಬಗೆಹರಿಯದೆ ಉಳಿದಿರುವ ಒಂದು ಕಷ್ಟದ ಕೆಲಸವನ್ನು ಬರೆಯಿರಿ. ಒಂದೇ ಒಂದು ಸಾಕು. ಬಂದವರು ಮೊದಲ ಮೂರು ತಿಂಗಳಲ್ಲಿ ಕೈಹಾಕುವಂಥದ್ದಾಗಿರಲಿ.

ನಮ್ಮದನ್ನೇ ಬಿಡಿಸಿ ಹೇಳುತ್ತೇನೆ. ಬೆಳಿಗ್ಗೆ ರೈತರು ಕ್ಯಾನ್ ಹಿಡಿದು ಸಾಲಾಗಿ ನಿಂತಿರುತ್ತಾರೆ. ಹಾಲು ಅಳೆಯುತ್ತಾರೆ, ಫ್ಯಾಟ್ ನೋಡುತ್ತಾರೆ, ನಮ್ಮ ಆ್ಯಪ್‌ನಲ್ಲಿ ಬರೆದು ಚೀಟಿ ಕೊಡುತ್ತಾರೆ. ಒಬ್ಬರಿಗೆ ಅರ್ಧ ನಿಮಿಷವೂ ಹಿಡಿಯಬಾರದು. ನೆಟ್‌ವರ್ಕ್ ಇಲ್ಲ ಅಂತ ಸಾಲನ್ನು ನಿಲ್ಲಿಸಲು ಆಗುವುದಿಲ್ಲ. ಅದಕ್ಕೇ ಲೆಕ್ಕ ಮೊದಲು ಫೋನಿನಲ್ಲಿ ಉಳಿಯುತ್ತದೆ, ನೆಟ್‌ವರ್ಕ್ ಬಂದಾಗ ಸರ್ವರ್‌ಗೆ ಹೋಗುತ್ತದೆ.

ತೊಂದರೆ ಆಗುತ್ತಿದ್ದುದು ಇಲ್ಲೇ. ಫೋನ್ ಕಳಿಸಿದ ಲೆಕ್ಕ ಸರ್ವರ್‌ಗೆ ತಲುಪಿರುತ್ತದೆ, ಅಲ್ಲಿ ಬರೆದೂ ಆಗಿರುತ್ತದೆ. ಆದರೆ "ಬಂತು" ಅನ್ನುವ ಉತ್ತರ ವಾಪಸ್ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಗಿರುತ್ತದೆ. ಫೋನಿಗೆ ಉತ್ತರ ಸಿಗಲಿಲ್ಲ, ಹಾಗಾಗಿ ಅದೇ ಲೆಕ್ಕವನ್ನು ಮತ್ತೆ ಕಳಿಸುತ್ತದೆ. ಸರ್ವರ್ ಅದನ್ನು ಹೊಸದು ಅಂದುಕೊಂಡು ಇನ್ನೊಮ್ಮೆ ಬರೆಯುತ್ತದೆ. ಆರು ಲೀಟರ್ ಹನ್ನೆರಡಾಗುತ್ತದೆ. ಅವತ್ತು ಯಾರಿಗೂ ಗೊತ್ತಾಗುವುದಿಲ್ಲ. ಬಟವಾಡೆ ದಿನ ದುಡ್ಡು ಕೂಡದೆ ಇದ್ದಾಗ ಕೇಂದ್ರದ ಸೆಕ್ರೆಟರಿ ಫೋನ್ ಮಾಡುತ್ತಾರೆ.

ಇದಕ್ಕೆ ಮದ್ದು ಗೊತ್ತಿರುವುದೇ. ಲೆಕ್ಕ ಹುಟ್ಟುವಾಗಲೇ, ಅಂದರೆ ಫೋನಿನಲ್ಲೇ, ಅದಕ್ಕೊಂದು ಬೇರೆ ಯಾವುದಕ್ಕೂ ಇರದ ಗುರುತಿನ ಸಂಖ್ಯೆ ಕೊಡಬೇಕು. ಎಷ್ಟು ಸಲ ಕಳಿಸಿದರೂ ಆ ಸಂಖ್ಯೆ ಬದಲಾಗಬಾರದು. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಬರೆದುಕೊಳ್ಳದೆ "ಆಗಲೇ ಬಂದಿದೆ" ಅಂತ ಉತ್ತರ ಕೊಡಬೇಕು. ಕೇಳಲು ಸುಲಭ. ಆದರೆ ಆಗಲೇ ಎರಡೆರಡು ಸಲ ಬಿದ್ದಿರುವ ಹಳೆಯ ಲೆಕ್ಕಗಳನ್ನು ಏನು ಮಾಡುವುದು? ಆ್ಯಪ್‌ನ ಹಳೆಯ ಆವೃತ್ತಿ ಇನ್ನೂ ಇರುವ ಫೋನ್‌ಗಳ ಗತಿಯೇನು? ಒಬ್ಬರೇ ರೈತರು ನಿಜವಾಗಿಯೂ ಒಂದೇ ಬೆಳಿಗ್ಗೆ ಎರಡು ಸಲ, ಅಷ್ಟೇ ಅಳತೆಯ ಹಾಲು ಹಾಕಿದ್ದರೆ? ಕೆಲಸ ಇರುವುದು ಅಲ್ಲಿ.

ಬ್ಯಾಂಕ್ ವ್ಯವಹಾರ, ಟಿಕೆಟ್ ಬುಕಿಂಗ್, ಎಲ್ಲೇ ಹೋದರೂ ಎಂಜಿನಿಯರ್‌ಗೆ ಇದೇ ಸಮಸ್ಯೆ ಎದುರಾಗುತ್ತದೆ. ಇದನ್ನು ಒಮ್ಮೆ ಕೈಯಾರೆ ಸರಿ ಮಾಡಿದವರಿಗೆ ಮುಂದಿನ ಯಾವ ಸಂದರ್ಶನದಲ್ಲೂ ಅರ್ಧ ಗಂಟೆ ಮಾತಾಡುವಷ್ಟು ವಿಷಯ ಇರುತ್ತದೆ. ಸಂಬಳದ ಬದಲು ನಾವು ಕೊಡುತ್ತಿರುವುದು ಇದನ್ನೇ. ಅದರ ಹೆಸರು ಹಿಡಿದು ಹೇಳಬೇಕು.

ತಲೆಬರಹ ಹೇಗಿರಬೇಕು?

ಮೊದಲು ಕೆಲಸದ ಹೆಸರು, ಆಮೇಲೆ ಊರು, ಆಮೇಲೆ ಆ ಸಮಸ್ಯೆ. ಫೋನಿನಲ್ಲಿ ನೋಡುವವರಿಗೆ ಮೊದಲ ಐದಾರು ಪದಗಳಷ್ಟೇ ಕಾಣುತ್ತವೆ, ಉಳಿದದ್ದು ಕತ್ತರಿಸಿ ಹೋಗುತ್ತದೆ. ಅದಕ್ಕೇ "ಬೇಕಾಗಿದ್ದಾರೆ", "ಸುವರ್ಣಾವಕಾಶ" ಮುಂತಾದವನ್ನು ಮುಂದೆ ಹಾಕಿ ಜಾಗ ಹಾಳು ಮಾಡಬೇಡಿ. ನಮ್ಮ ಮೂರನೇ ತಲೆಬರಹ ಇದು:

"ಬ್ಯಾಕೆಂಡ್ ಎಂಜಿನಿಯರ್, ಮಂಡ್ಯ: ನೆಟ್‌ವರ್ಕ್ ಹೋದರೂ ಹಾಲಿನ ಲೆಕ್ಕ ತಪ್ಪಬಾರದು. ಮೊದಲ ಇಬ್ಬರಲ್ಲಿ ನೀವೊಬ್ಬರು."

ಇದರಲ್ಲಿ ಕಲಿಕೆ ಅನ್ನುವ ಪದವೇ ಇಲ್ಲ, ನೋಡಿ. ಆದರೂ ಕಲಿಯುವ ಆಸೆ ಇರುವವರು ಇದನ್ನು ಓದಿ ನಿಲ್ಲುತ್ತಾರೆ. "ನೆಟ್‌ವರ್ಕ್ ಹೋದಾಗ ಲೆಕ್ಕ ಯಾಕೆ ತಪ್ಪುತ್ತದೆ?" ಅನ್ನುವ ಪ್ರಶ್ನೆ ಅವರ ತಲೆಯೊಳಗೇ ಶುರುವಾಗಿರುತ್ತದೆ. ಆ ಪ್ರಶ್ನೆ ಏಳದವರು ಮುಂದೆ ಹೋಗುತ್ತಾರೆ. ಅದೂ ಒಳ್ಳೆಯದೇ.

"ಮೊದಲ ಇಬ್ಬರಲ್ಲಿ ಒಬ್ಬರು" ಅನ್ನುವುದನ್ನು ನಿಜವಾಗಿದ್ದರೆ ಮಾತ್ರ ಹಾಕಿ. ಆಗಲೇ ಐದು ಜನ ಇದ್ದರೆ ಆರನೆಯವರು ಅಂತಲೇ ಬರೆಯಿರಿ. ಬಂದ ಮೊದಲ ದಿನವೇ ಅವರು ಕುರ್ಚಿ ಎಣಿಸುತ್ತಾರೆ.

ಮೊದಲ ಪ್ಯಾರಾದಲ್ಲಿ ಏನೇನು ಇರಬೇಕು? ಒಂದು ಮಾದರಿ ಕೊಡುತ್ತೀರಾ?

ನಮ್ಮದನ್ನೇ ಪೂರ್ತಿ ಕೊಡುತ್ತೇನೆ.

"ಮಂಡ್ಯ ಸುತ್ತಲಿನ 40 ಹಾಲು ಕೇಂದ್ರಗಳು ಬೆಳಿಗ್ಗೆ, ಸಂಜೆ ನಮ್ಮ ಆ್ಯಪ್‌ನಲ್ಲಿ ಲೆಕ್ಕ ಬರೆಯುತ್ತವೆ. ನೆಟ್‌ವರ್ಕ್ ಕೈಕೊಟ್ಟಾಗ ಕೆಲವು ಲೆಕ್ಕಗಳು ಎರಡೆರಡು ಸಲ ಬೀಳುತ್ತಿವೆ. ಅದನ್ನು ಹುಡುಕಿ, ಸರಿಪಡಿಸಿ, ಹಳೆಯ ಲೆಕ್ಕವನ್ನೂ ಶುದ್ಧ ಮಾಡುವುದು ನಿಮ್ಮ ಮೊದಲ ಮೂರು ತಿಂಗಳ ಕೆಲಸ. ಇಲ್ಲಿಯವರೆಗೆ ಕೋಡ್ ಬರೆದವರು ನಮ್ಮ ಪಾರ್ಟ್ನರ್ ಒಬ್ಬರೇ. ಅವರಿಗೆ 9 ವರ್ಷದ ಅನುಭವ ಇದೆ. ನೀವು ಬರೆದ ಕೋಡನ್ನು ಅವರು ದಿನಕ್ಕೊಮ್ಮೆ ನಿಮ್ಮ ಪಕ್ಕ ಕೂತು ಓದುತ್ತಾರೆ. ಮೊದಲ ವಾರ ಎರಡು ಬೆಳಿಗ್ಗೆ ಹಾಲು ಕೇಂದ್ರದಲ್ಲಿ ನಿಂತು ನೋಡಬೇಕು, ಆರು ಗಂಟೆಗೆ ಅಲ್ಲಿರಬೇಕಾಗುತ್ತದೆ. ಸಂಬಳ ತಿಂಗಳಿಗೆ 38,000 ರೂಪಾಯಿ. ಬೆಂಗಳೂರಿನಲ್ಲಿ ಇದೇ ಕೆಲಸಕ್ಕೆ ಇದಕ್ಕಿಂತ ಜಾಸ್ತಿ ಸಿಗಬಹುದು. ನಮ್ಮ ಹತ್ತಿರ ಈಗ 14 ತಿಂಗಳ ಖರ್ಚಿಗೆ ಹಣ ಇದೆ. ಆಫೀಸು ಮಂಡ್ಯ ರೈಲ್ವೆ ಸ್ಟೇಷನ್‌ನಿಂದ ಹತ್ತು ನಿಮಿಷದ ನಡಿಗೆ."

ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಪಕ್ಕ ಕೂತು ಕೋಡ್ ಓದುವ ಸಾಲು. ಕೆಲಸ ಕಷ್ಟ ಇದ್ದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ. ಮಾಡಿದ್ದನ್ನು ಇನ್ನೊಬ್ಬರು ನೋಡಿ "ಇಲ್ಲಿ ತಪ್ಪಿದೆ, ಯಾಕೆ ಅಂದರೆ ಹೀಗೆ" ಅಂತ ಹೇಳಬೇಕು. ದಿನಕ್ಕೊಮ್ಮೆ ಅಂತ ಬರೆದ ಮೇಲೆ ಅದನ್ನು ನಡೆಸಲೇಬೇಕು. ನಾವು ಮಧ್ಯಾಹ್ನ ಊಟ ಆದ ಮೇಲೆ ನಲವತ್ತು ನಿಮಿಷ ಅದಕ್ಕೇ ಇಟ್ಟಿದ್ದೇವೆ. ಆ ಹೊತ್ತಿನಲ್ಲಿ ಪಾರ್ಟ್ನರ್ ಬೇರೆ ಫೋನ್ ತೆಗೆಯುವುದಿಲ್ಲ.

ಬೆಳಿಗ್ಗೆ ಆರು ಗಂಟೆಯ ಸಾಲನ್ನು ತೆಗೆದುಬಿಡಿ, ಜನ ಓಡಿಹೋಗುತ್ತಾರೆ ಅಂತ ಗೆಳೆಯರು ಹೇಳಿದ್ದರು. ನಾನು ಉಳಿಸಿಕೊಂಡೆ. ಈಗ ನಮ್ಮಲ್ಲಿರುವ ಇಬ್ಬರಲ್ಲಿ ಒಬ್ಬ ಬಂದಿದ್ದೇ ಆ ಸಾಲು ನೋಡಿ. ಅವರ ಮನೆಯಲ್ಲೂ ಹಸು ಇವೆ. ಡೈರಿಯ ಸಾಲಿನಲ್ಲಿ ನಿಂತು ಬೆಳೆದ ಹುಡುಗ.

ಆಫೀಸಿನ ಜಾಗದ ಸಾಲು ಸಣ್ಣದು ಅನ್ನಿಸಬಹುದು. ಮೈಸೂರಿನಿಂದ ಮಂಡ್ಯ ಸುಮಾರು 45 ಕಿಲೋಮೀಟರ್. ರೈಲಿನಲ್ಲಿ ಓಡಾಡುವವರು ತುಂಬಾ ಜನ. ಸ್ಟೇಷನ್‌ನಿಂದ ಎಷ್ಟು ದೂರ ಅಂತ ಹೇಳಿದರೆ ಮೈಸೂರಿನವರೂ ಅರ್ಜಿ ಹಾಕುತ್ತಾರೆ.

ಸಂಬಳ ಕಡಿಮೆ ಇದೆ. ಅದನ್ನು ಮೊದಲೇ ಯಾಕೆ ಹೇಳಬೇಕು? ಎದುರು ಕೂತಾಗ ಹೇಳಬಹುದಲ್ವಾ?

ನನ್ನ ಎರಡನೇ ಜಾಹೀರಾತಿನಲ್ಲಿ ನಾನು ಅದನ್ನೇ ಮಾಡಿದ್ದು. "ಸಂಬಳ: ಅನುಭವಕ್ಕೆ ತಕ್ಕಂತೆ" ಅಂತ ಹಾಕಿದೆ. ಮೂವರು ಸಂದರ್ಶನದ ಎಲ್ಲ ಸುತ್ತು ಮುಗಿಸಿದರು. ಕೊನೆಗೆ ಸಂಖ್ಯೆ ಹೇಳಿದಾಗ ಮೂವರೂ ಸುಮ್ಮನಾದರು. ಅವರದ್ದೂ ನಮ್ಮದೂ ಸೇರಿ ಮೂರು ವಾರ ಹೋಯಿತು. ಅದರಲ್ಲಿ ಒಬ್ಬರು ಒಂದು ದಿನ ರಜೆ ಹಾಕಿ ಬೆಂಗಳೂರಿನಿಂದ ಬಂದಿದ್ದರು. ಅದು ನನಗೆ ಈಗಲೂ ಚುಚ್ಚುತ್ತದೆ.

ಸಂಖ್ಯೆ ಮೊದಲೇ ಹಾಕಿದರೆ ಅರ್ಜಿ ಕಡಿಮೆ ಬರುತ್ತವೆ, ಖಂಡಿತ. ಆದರೆ ಬಂದವರಿಗೆಲ್ಲ ಸಂಖ್ಯೆ ಗೊತ್ತಿರುತ್ತದೆ. ಕೂತು ಕೆಲಸದ ಬಗ್ಗೆ ಮಾತಾಡಬಹುದು. ತಲೆಬರಹದಲ್ಲೇ ಬೇಕಾಗಿಲ್ಲ, ಮೊದಲ ಪ್ಯಾರಾದಲ್ಲಿ ಇರಲಿ. ಕಲಿಕೆಯ ಮಾತು ಮುಗಿದ ತಕ್ಷಣ, ಬೇರೆ ಸಾಲಾಗಿ, ಯಾವ ಅಲಂಕಾರವೂ ಇಲ್ಲದೆ.

ಇನ್ನೊಂದು ಮಾತು. "ಊರಲ್ಲೇ ಇರುತ್ತೀರಿ, ಬಾಡಿಗೆ ಉಳಿಯುತ್ತದೆ" ಅಂತ ಜಾಹೀರಾತಿನಲ್ಲಿ ಬರೆಯಬೇಡಿ. ಬಾಡಿಗೆ ಉಳಿದರೆ ಅದು ಅವರ ಮನೆಯವರು ಕೊಟ್ಟ ಸಹಾಯ, ನಾವು ಕೊಟ್ಟದ್ದಲ್ಲ. ಆ ಲೆಕ್ಕ ಅವರೇ ಹಾಕಿಕೊಳ್ಳುತ್ತಾರೆ.

ಪಿಎಫ್, ಇಎಸ್‌ಐ ಬಗ್ಗೆಯೂ ಒಂದು ಸಾಲು ಇರಲಿ. ಸಾಮಾನ್ಯವಾಗಿ 20 ಜನ ಆದ ಮೇಲೆ ಪಿಎಫ್ ಕಡ್ಡಾಯ, 10 ಜನ ಆದ ಮೇಲೆ ಇಎಸ್‌ಐ ಅನ್ವಯ. ಇಬ್ಬರು ಮೂವರ ಕಂಪನಿಯಲ್ಲಿ ಇವು ಇಲ್ಲದಿರುವುದು ತಪ್ಪಲ್ಲ. ಆದರೆ ದೊಡ್ಡ ಕಂಪನಿಯಿಂದ ಬರುವವರು ಇದೆ ಅಂದುಕೊಂಡೇ ಬರುತ್ತಾರೆ. ಇಲ್ಲದಿದ್ದರೆ ಇಲ್ಲ ಅಂತ ಬರೆಯಿರಿ.

ಸಂಬಳದ ಬದಲು ಷೇರು ಕೊಡುತ್ತೇವೆ ಅಂತ ಹಾಕಬಹುದಾ?

ಬದಲು ಅನ್ನುವ ಪದ ಬಿಡಿ. ಸಂಬಳದ ಜತೆಗೆ ಷೇರು ಅನ್ನಬಹುದು. ಷೇರಿನಿಂದ ಮನೆ ಸಾಮಾನು ತರಲು ಆಗುವುದಿಲ್ಲ. ಷೇರು ಮಾರುಕಟ್ಟೆಯ ಪಟ್ಟಿಯಲ್ಲಿ ಇರದ ಸಣ್ಣ ಕಂಪನಿಯ ಷೇರನ್ನು ಬೇಕೆಂದಾಗ ಕೊಳ್ಳುವವರೂ ಸಿಗುವುದಿಲ್ಲ.

ಮೊದಲು ನಿಮ್ಮ ಕಂಪನಿ ಯಾವ ಬಗೆಯದು ನೋಡಿ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇಸಾಪ್, ಅಂದರೆ ಮೊದಲೇ ಗೊತ್ತು ಮಾಡಿದ ಬೆಲೆಗೆ ಮುಂದೆ ಕಂಪನಿಯ ಷೇರು ಕೊಳ್ಳುವ ಅವಕಾಶ, ಕೊಡಬಹುದು. ಎಲ್‌ಎಲ್‌ಪಿ ಆಗಿದ್ದರೆ ಅಲ್ಲಿ ಷೇರುಗಳೇ ಇರುವುದಿಲ್ಲ, ಹಾಗಾಗಿ ಆ ಮಾತೇ ಬರೆಯಬಾರದು. ಪ್ರೈವೇಟ್ ಲಿಮಿಟೆಡ್‌ನಲ್ಲೂ ಇಸಾಪ್ ಹಂಚಿದ ದಿನದಿಂದ ಅದರ ಹಕ್ಕು ಸಿಗುವವರೆಗೆ ಕನಿಷ್ಠ ಒಂದು ವರ್ಷ ಕಳೆಯಬೇಕು ಅಂತ ಕಂಪನಿ ಕಾಯ್ದೆಯ ನಿಯಮ ಹೇಳುತ್ತದೆ. ಎಂಟು ತಿಂಗಳಿಗೆ ಬಿಟ್ಟು ಹೋದವರಿಗೆ ಏನೂ ಸಿಗುವುದಿಲ್ಲ. ಆಮೇಲೆ ದುಡ್ಡು ಕಟ್ಟಿ ಷೇರು ತೆಗೆದುಕೊಳ್ಳುವಾಗ, ಕಟ್ಟಿದ ಬೆಲೆಗೂ ಅವತ್ತಿನ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳದಂತೆಯೇ ಎಣಿಸಿ ತೆರಿಗೆ ಹಾಕುತ್ತಾರೆ. ಮಾರಿದಾಗ ಲಾಭ ಬಂದರೆ ಅದಕ್ಕೆ ಮತ್ತೆ ಬೇರೆ ತೆರಿಗೆ.

ಇದೆಲ್ಲವನ್ನೂ ಜಾಹೀರಾತಿನಲ್ಲಿ ತುಂಬಬೇಕಿಲ್ಲ. ಆದರೆ ಷೇರಿನ ಸಂಖ್ಯೆ ಹೇಳುವ ಬದಲು ಪಾಲು ಹೇಳಿ. "1,000 ಷೇರು ಕೊಡುತ್ತೇವೆ" ಅಂದರೆ ಏನೂ ತಿಳಿಯುವುದಿಲ್ಲ. ಕಂಪನಿಯಲ್ಲಿ ಒಟ್ಟು 1,00,000 ಷೇರು ಇದ್ದರೆ ಅದು ಶೇಕಡಾ 1. ಒಟ್ಟು 10,00,000 ಇದ್ದರೆ ಶೇಕಡಾ 0.1. ನಾವು ಹೀಗೆ ಬರೆದೆವು: "ಕಂಪನಿಯ ಶೇಕಡಾ 1ರಷ್ಟು ಇಸಾಪ್, ನಾಲ್ಕು ವರ್ಷದಲ್ಲಿ ಹಂತ ಹಂತವಾಗಿ, ಮೊದಲ ವರ್ಷ ಮುಗಿಯುವವರೆಗೆ ಏನೂ ಇಲ್ಲ. ಇದಕ್ಕೆ ಮುಂದೆ ಬೆಲೆ ಬರಬಹುದು, ಬರದೆಯೂ ಇರಬಹುದು."

ನಾನು ಎಂಜಿನಿಯರ್ ಅಲ್ಲ. ನಮ್ಮಲ್ಲಿ ಕೋಡ್ ಓದುವವರು ಯಾರೂ ಇಲ್ಲ. ಆದರೂ ಕಲಿಕೆ ಅಂತ ಬರೆಯಬಹುದಾ?

ಫ್ರೆಶರ್‌ಗಳಿಗೆ ಬರೆಯಬೇಡಿ. ಅವರು ತಪ್ಪನ್ನು ತಪ್ಪು ಅಂತ ಗೊತ್ತಿಲ್ಲದೇ ಆರು ತಿಂಗಳು ಮಾಡುತ್ತಾರೆ. ಅದು ಅವರಿಗೂ ನಷ್ಟ, ನಿಮಗೂ ನಷ್ಟ. ನಿಮಗೆ ಬೇಕಾಗಿರುವುದು ನಾಲ್ಕೈದು ವರ್ಷ ಕೆಲಸ ಮಾಡಿರುವ ಒಬ್ಬರು. ಅವರಿಗೆ ಹೇಳಬಹುದಾದ ಕಲಿಕೆ ಬೇರೆ: ಗ್ರಾಹಕರ ಹತ್ತಿರ ನೇರ ಮಾತಾಡುವುದು, ಏನು ಕಟ್ಟಬೇಕು, ಏನು ಕಟ್ಟಬಾರದು ಅಂತ ತಾವೇ ತೀರ್ಮಾನಿಸುವುದು, ಸರ್ವರ್ ಖರ್ಚನ್ನು ತಾವೇ ನೋಡುವುದು. ದೊಡ್ಡ ಟೀಮ್‌ನಲ್ಲಿ ಇದ್ದವರಿಗೆ ಇವೆಲ್ಲ ಸಿಕ್ಕಿರುವುದಿಲ್ಲ.

"ನಮ್ಮಲ್ಲಿ ನಿಮಗಿಂತ ಹಿರಿಯ ಎಂಜಿನಿಯರ್ ಇರುವುದಿಲ್ಲ" ಅಂತ ಒಂದು ಸಾಲು ಸೇರಿಸಿ. ಆಮೇಲೆ ಪರಿಚಯದ ಹಿರಿಯರೊಬ್ಬರನ್ನು ಗೊತ್ತು ಮಾಡಿ, ವಾರಕ್ಕೆ ಎರಡು ಗಂಟೆ ದುಡ್ಡು ಕೊಟ್ಟೇ ಕೋಡ್ ಓದಿಸಿ. ಮೈಸೂರಿನಲ್ಲಿ ಮನೆಯಿಂದ ಕೆಲಸ ಮಾಡುವ ಅನುಭವಸ್ಥರು ಸಾಕಷ್ಟು ಇದ್ದಾರೆ. ಆ ಏರ್ಪಾಡು ನಿಜವಾಗಿ ಆದ ಮೇಲೆ ಫ್ರೆಶರ್‌ಗಳನ್ನು ಕರೆಯುವ ಮಾತು.

ಕಾಲೇಜಿನಿಂದ ಈಗಷ್ಟೇ ಹೊರಬಂದವರಿಗೆ ತಲೆಬರಹ ಬೇರೆ ಇರಬೇಕಾ?

ತಲೆಬರಹ ಅದೇ ಇರಲಿ, ಪ್ಯಾರಾ ಬದಲಿಸಿ. ಮಂಡ್ಯದ ಪಿಇಎಸ್, ಮೈಸೂರಿನ ಎನ್‌ಐಇ, ಎಸ್‌ಜೆಸಿಇ ಕಡೆಯ ಹುಡುಗ ಹುಡುಗಿಯರು ನಮ್ಮನ್ನು ಹೋಲಿಸುವುದು ಇನ್ನೊಂದು ಸ್ಟಾರ್ಟಪ್ ಜತೆ ಅಲ್ಲ. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್‌ನಂಥ ಕಡೆ ಸಿಗುವ ತರಬೇತಿಯ ಜತೆ. ಅಲ್ಲಿ ತರಗತಿ ಇರುತ್ತದೆ, ಪಾಠಕ್ಕೆ ಕ್ರಮ ಇರುತ್ತದೆ, ಕಲಿಯುವಾಗಲೂ ಸಂಬಳ ಬರುತ್ತದೆ. ಅದು ಒಳ್ಳೆಯ ಕಲಿಕೆಯೇ. ಅದನ್ನು ಕೀಳಾಗಿ ಕಾಣಿಸಿ ನಮ್ಮದನ್ನು ಮೇಲೆ ಮಾಡಬಾರದು.

ನಮ್ಮಲ್ಲಿ ತರಗತಿ ಇಲ್ಲ. ಹಾಗಾಗಿ ಫ್ರೆಶರ್‌ಗಳಿಗೆ ಬರೆಯುವಾಗ ಕ್ರಮವನ್ನು ನಾವೇ ತೋರಿಸಬೇಕು. "ಮೊದಲ ತಿಂಗಳು ಇರುವ ಕೋಡ್ ಓದಿ, ಅದಕ್ಕೆ ಟೆಸ್ಟ್ ಬರೆಯುತ್ತೀರಿ. ಎರಡನೇ ತಿಂಗಳು ಸಣ್ಣ ತಪ್ಪುಗಳನ್ನು ಸರಿಪಡಿಸುತ್ತೀರಿ. ಮೂರನೇ ತಿಂಗಳು ಬಟವಾಡೆ ಪಟ್ಟಿಯ ಒಂದು ಭಾಗ ಪೂರ್ತಿ ನಿಮ್ಮದು." ಇಷ್ಟು ಸಾಕು. ಮನೆಯಲ್ಲಿ ಅಪ್ಪ ಅಮ್ಮನಿಗೆ ಓದಿ ಹೇಳಲೂ ಇದು ಬೇಕಾಗುತ್ತದೆ. ಹೆಸರೇ ಕೇಳದ ಕಂಪನಿಗೆ ಮಗಳನ್ನು ಕಳಿಸುವಾಗ ಅವರು ಕೇಳುವ ಮೊದಲ ಮಾತು, "ಅಲ್ಲಿ ಏನ್ ಕೆಲ್ಸ ಮಗಾ?"

ಕೆಲವರ ಕೈಯಲ್ಲಿ ಆಗಲೇ ದೊಡ್ಡ ಕಂಪನಿಯ ಆಫರ್ ಇರುತ್ತದೆ, ಸೇರುವ ದಿನಾಂಕ ಬಂದಿರುವುದಿಲ್ಲ. ಅಲ್ಲಿಯವರೆಗೆ ಇಲ್ಲಿರೋಣ ಅಂತ ಬರುತ್ತಾರೆ. ಅದರಲ್ಲಿ ಮೋಸ ಏನಿಲ್ಲ. ಸಂದರ್ಶನದಲ್ಲಿ ನೇರವಾಗಿ ಕೇಳಿ. ಹೌದು ಅಂದರೆ, ನಾಲ್ಕು ತಿಂಗಳಲ್ಲಿ ಮುಗಿಯುವ ಕೆಲಸ ಕೊಡಿ.

ಬಾಂಡ್ ಹಾಕಬಹುದಾ? ಕಲಿಸಿದ ಮೇಲೆ ಬಿಟ್ಟು ಹೋದರೆ?

ಬೇಡ. ಕಲಿಕೆಯನ್ನು ಸಂಬಳದ ಜಾಗದಲ್ಲಿ ಇಟ್ಟ ಮೇಲೆ ಅದು ಅವರು ದುಡಿದು ಪಡೆದದ್ದು. ನಾವು ಕೊಟ್ಟ ಸಾಲ ಅಲ್ಲ. ನನ್ನ ಮೊದಲ ಕೆಲಸದಲ್ಲಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದರು. ವಾಪಸ್ ಪಡೆಯಲು ಏಳು ತಿಂಗಳು ಅಲೆದೆ. ಅದಕ್ಕೇ ನಮ್ಮ ಜಾಹೀರಾತಿನಲ್ಲಿ "ಬಾಂಡ್ ಇಲ್ಲ, ಮಾರ್ಕ್ಸ್ ಕಾರ್ಡ್ ನಿಮ್ಮ ಹತ್ತಿರವೇ ಇರಲಿ" ಅಂತ ಬರೆದಿದ್ದೇವೆ.

ಬೆಳವಣಿಗೆ ಅಂತ "ಮುಂದೆ ಟೀಮ್ ಲೀಡ್ ಆಗುತ್ತೀರಿ" ಅನ್ನಬಹುದಾ?

ಟೀಮೇ ಇಲ್ಲದಿರುವಾಗ ಆ ಮಾತು ನಿಲ್ಲುವುದಿಲ್ಲ. ಹೊಣೆ ಯಾವಾಗ ಬದಲಾಗುತ್ತದೆ ಅಂತ ಹೇಳಿ. "ಆರು ತಿಂಗಳಾದ ಮೇಲೆ ಬಟವಾಡೆ ದಿನದ ಫೋನ್ ನಿಮಗೇ ಬರುತ್ತದೆ" ಅಂದರೆ ಅದು ಬೆಳವಣಿಗೆ. ಸಂಬಳ ಯಾವ ತಿಂಗಳು ಮತ್ತೆ ನೋಡುತ್ತೇವೆ ಅಂತಲೂ ಹಾಕಿ. ನಾವು ಹನ್ನೆರಡನೇ ತಿಂಗಳು ಅಂದಿದ್ದೆವು, ಹಾಗೇ ಮಾಡಿದೆವು.

ಕನ್ನಡದಲ್ಲಿ ಹಾಕಬೇಕಾ, ಇಂಗ್ಲಿಷಿನಲ್ಲಾ?

ಕೆಲಸದ ವೆಬ್‌ಸೈಟ್‌ಗಳಲ್ಲಿ ಜನ ಹುಡುಕುವಾಗ Backend Engineer ಅಂತಲೇ ಟೈಪ್ ಮಾಡುತ್ತಾರೆ. ಹಾಗಾಗಿ ಅಲ್ಲಿ ಕೆಲಸದ ಹೆಸರು ಇಂಗ್ಲಿಷಿನಲ್ಲೇ ಇರಬೇಕು. ಊರಿನ ಹೆಸರನ್ನು ಎರಡೂ ಬಗೆಯಲ್ಲಿ ಹಾಕಿ. 2014ರ ನವೆಂಬರ್ 1ರಿಂದ ಅಧಿಕೃತವಾಗಿ Mysuru ಆಗಿದೆ, ಆದರೆ Mysore ಅಂತ ಹುಡುಕುವವರು ಇನ್ನೂ ಇದ್ದಾರೆ.

ವಾಟ್ಸಾಪ್ ಗುಂಪುಗಳಿಗೆ, ಕಾಲೇಜಿನ ಹಳೆಯ ವಿದ್ಯಾರ್ಥಿಗಳಿಗೆ ಕಳಿಸುವಾಗ ಕನ್ನಡದ್ದೇ ಕಳಿಸಿ. ನಮಗೆ ಇಬ್ಬರೂ ಸಿಕ್ಕಿದ್ದು ಹಾಗೆ. ಬೆಂಗಳೂರಿನಲ್ಲಿರುವ ಒಬ್ಬರು ಮದ್ದೂರಿನ ತಮ್ಮ ಅತ್ತೆ ಮಗನಿಗೆ ಕಳಿಸಿದರು.

ಜಾಹೀರಾತು ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತದೆ?

ಅರ್ಜಿಗಳನ್ನು ಎಣಿಸಬೇಡಿ. ಅರ್ಜಿಯ ಜತೆ ಅವರು ಬರೆದ ಸಾಲುಗಳನ್ನು ಓದಿ, ಫೋನಿನಲ್ಲಿ ಮೊದಲು ಏನು ಕೇಳುತ್ತಾರೆ ನೋಡಿ. ಎಲ್ಲರೂ "ಕಂಪನಿ ಏನು ಮಾಡುತ್ತದೆ?" ಅಂತ ಕೇಳಿದರೆ ತಲೆಬರಹದಲ್ಲಿ ಸಮಸ್ಯೆ ಸ್ಪಷ್ಟ ಇಲ್ಲ. ಎಲ್ಲರೂ "ಟ್ರೈನಿಂಗ್ ಕೊಡ್ತೀರಾ?" ಅಂದರೆ ಯಾರು ಹೇಗೆ ಕಲಿಸುತ್ತಾರೆ ಅನ್ನುವ ಸಾಲು ಸರಿಯಾಗಿ ಮುಟ್ಟಿಲ್ಲ. ಸಂಬಳ ಹಾಕಿದ ಮೇಲೂ "ಇನ್ನೂ ಜಾಸ್ತಿ ಆಗುತ್ತಾ?" ಅಂತ ಮೊದಲ ಮಾತೇ ಬಂದರೆ, ಕಲಿಕೆಯ ಭಾಗಕ್ಕೆ ಅಷ್ಟು ತೂಕ ಇಲ್ಲ ಅಂತ ಅರ್ಥ. ಇಲ್ಲವೇ ಸಂಬಳ ನಿಜಕ್ಕೂ ತೀರಾ ಕಡಿಮೆ. ಆಗ ಪದ ತಿದ್ದುವುದು ಬಿಟ್ಟು ಒಬ್ಬರನ್ನೇ ತೆಗೆದುಕೊಂಡು, ಇಬ್ಬರಿಗೆ ಇಟ್ಟಿದ್ದ ದುಡ್ಡಿನಲ್ಲಿ ಸ್ವಲ್ಪ ಜಾಸ್ತಿ ಕೊಡುವುದು ಸರಿ.

ನಮ್ಮ ಮೂರನೇ ಜಾಹೀರಾತಿಗೆ ಅರ್ಜಿ ಬಂದದ್ದು ಹನ್ನೊಂದು. ಅದರಲ್ಲಿ ಒಬ್ಬರು ಬರೆದಿದ್ದು ಎರಡೇ ಸಾಲು: "ಒಂದೇ ಲೆಕ್ಕ ಎರಡು ಸಲ ಬೀಳುವುದು ಫೋನ್ ಮತ್ತೆ ಕಳಿಸುವುದರಿಂದಲಾ? ಹಾಗಿದ್ದರೆ ಪ್ರತಿ ಚೀಟಿಗೂ ಫೋನಿನಲ್ಲೇ ಒಂದು ನಂಬರ್ ಕೊಟ್ಟರೆ ಆಗುವುದಿಲ್ವಾ?" ಅವತ್ತು ಸಂಜೆಯೇ ಅವರಿಗೆ ಫೋನ್ ಮಾಡಿದೆ.